ಐವತ್ತರ ಡಬ್ಬ

ಕತ್ರಿಗುಪ್ಪೆಯಲ್ಲಿ ಜಯಸಿಂಹ ಡಾಕ್ಟರ ಕ್ಲಿನಿಕ್ ಇದ್ದ ಜಾಗದಲ್ಲಿ ಈಗ ಮೊಬೈಲ್ ಕವರ್ ಮಾರುವ ಅಂಗಡಿ ಇದೆ. ಆ ಕಡೆ ಹೋದಾಗಲೆಲ್ಲ ನನಗೆ ಸುಮ್ಮನೆ ಸಿಟ್ಟು ಬರುತ್ತದೆ. ಪಾಪ, ಅಂಗಡಿಯವನ ತಪ್ಪೇನೂ ಇಲ್ಲ. ನನಗೆ ಸಿಟ್ಟು ಬರಲು ಕಾರಣವೇ ಬೇಡ ಎಂದು ಅಮ್ಮ ಯಾವಾಗಲೂ ಹೇಳುತ್ತಾಳೆ. ಆದರೆ ಆ ಮೂಲೆಯಲ್ಲಿ ಮರದ ಬೆಂಚು, ಮುಳ್ಳು ಸದಾ ಎರಡು ಕೇಜಿ ಹೆಚ್ಚು ತೋರಿಸುತ್ತಿದ್ದ ತೂಕದ ಯಂತ್ರ, ಸ್ಪಿರಿಟ್ಟಿನ ವಾಸನೆ, ಅದರ ನಡುವೆ ಕಾತ್ಯಾಯಿನಿ ಸಿಸ್ಟರ್ ಇರಬೇಕಿತ್ತು ಎನಿಸುತ್ತದೆ.

ಕಾತ್ಯಾಯಿನಿ ಸಿಸ್ಟರ್ ಆ ಕ್ಲಿನಿಕ್ಕಿನಲ್ಲಿ ಮೂವತ್ತೊಂದು ವರ್ಷ ನರ್ಸ್ ಆಗಿದ್ದರು. ಕುಮಾರಸ್ವಾಮಿ ಲೇಔಟಿನಿಂದ ಬೆಳಿಗ್ಗೆ ಬಸ್ಸಿನಲ್ಲಿ ಬಂದು, ಡಾಕ್ಟರಿಗಿಂತ ಅರ್ಧ ಗಂಟೆ ಮುಂಚೆ ಬಾಗಿಲು ತೆಗೆಯುತ್ತಿದ್ದರು. ನನ್ನ ಬಾಲ್ಯದ ಇಂಜೆಕ್ಷನ್‌ಗಳೆಲ್ಲ ಅವರ ಕೈಯವೇ. ಚುಚ್ಚುವಾಗ ಒಂದರಿಂದ ಹತ್ತು ಎಣಿಸು ಎನ್ನುತ್ತಿದ್ದರು, ನಾಲ್ಕಕ್ಕೇ ಮುಗಿಸಿಬಿಡುತ್ತಿದ್ದರು. ಹೀಗೆ ಮೋಸ ಮಾಡಿದ್ದಕ್ಕೆ ಆರನೇ ವಯಸ್ಸಿನಲ್ಲಿ ನಾನು ಅವರ ಜತೆ ಒಂದು ತಿಂಗಳು ಮಾತು ಬಿಟ್ಟಿದ್ದೆ.

ಅವರ ಮೇಜಿನ ಮೇಲೆ ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಗಳು ನಾಲ್ಕಿದ್ದವು. ಕ್ಲಿನಿಕ್ಕಿಗೆ ಬರುವ ಒಬ್ಬೊಬ್ಬರಿಗೂ ಒಂದು ರಟ್ಟಿನ ಕಾರ್ಡು, ಅದರ ಮೇಲೆ ಹೆಸರು, ಹುಟ್ಟಿದ ಇಸವಿ. ಮೂವತ್ತರೊಳಗಿನವರದು ಒಂದು ಡಬ್ಬ, ಮೂವತ್ತರಿಂದ ಐವತ್ತರವರೆಗೆ ಇನ್ನೊಂದು, ಐವತ್ತರಿಂದ ಎಪ್ಪತ್ತೈದಕ್ಕೆ ಮತ್ತೊಂದು, ಅದಕ್ಕೂ ಮೇಲಿನವರದು ಕೊನೆಯದು. ಪ್ರತಿ ವರ್ಷ ಯುಗಾದಿಯ ವಾರ ಕಾರ್ಡುಗಳನ್ನೆಲ್ಲ ಹೊರಗೆ ಹರಡಿಕೊಂಡು, ವಯಸ್ಸು ದಾಟಿದವರನ್ನು ಮುಂದಿನ ಡಬ್ಬಕ್ಕೆ ಹಾಕುತ್ತಿದ್ದರು. ಆಮೇಲೆ ಒಬ್ಬೊಬ್ಬರಿಗೂ ಫೋನ್. ಮೂವತ್ತಾದವರು ಬಿಪಿ, ಸಕ್ಕರೆ ನೋಡಿಸಿಕೊಳ್ಳಬೇಕು, ಹೆಂಗಸರಾದರೆ ಗರ್ಭಕೋಶದ ಬಾಯಿಯ ಪರೀಕ್ಷೆಯನ್ನೂ ಮಾಡಿಸಬೇಕು. ಐವತ್ತಾದವರಿಗೆ ಮಲದಲ್ಲಿ ರಕ್ತ ಇದೆಯೇ ಎಂಬ ಪರೀಕ್ಷೆ, ಹೆಂಗಸರಿಗೆ ಎರಡು ವರ್ಷಕ್ಕೊಮ್ಮೆ ಮ್ಯಾಮೋಗ್ರಾಂ, ಅಂದರೆ ಸ್ತನದ ಎಕ್ಸ್‌ರೇ. ಕೊನೆಯ ಡಬ್ಬದವರಿಗೆ ಮಾತ್ರ ಹೆಚ್ಚೇನೂ ಹೇಳುತ್ತಿರಲಿಲ್ಲ. "ಹುಷಾರಾಗಿ ನಡೀರಿ, ಬಚ್ಚಲಲ್ಲಿ ಜಾರ್ಬೇಡಿ" ಎನ್ನುತ್ತಿದ್ದರು, ಅಷ್ಟೇ.

ಎಂಟು ವರ್ಷದ ಹಿಂದೆ ನನಗೆ ಮೂವತ್ತು ತುಂಬಿತು. ಜಯನಗರದ ಬ್ಯಾಂಕಿನಲ್ಲಿ ನನ್ನ ಪಕ್ಕದ ಸೀಟಿನಲ್ಲಿ ಕೂರುತ್ತಿದ್ದ ಮೇಘಶ್ರೀ ಮೇಡಂ ಅದೇ ವರ್ಷ ಸ್ತನದ ಕ್ಯಾನ್ಸರಿನಿಂದ ತೀರಿಕೊಂಡರು. ಅವರಿಗೆ ಐವತ್ತೆಂಟು. ಮನೆಗೆ ಹೋಗಿ ನೋಡಿಕೊಂಡು ಬಂದ ದಿನದಿಂದ ನನಗೆ ನಿದ್ದೆ ಹತ್ತಲಿಲ್ಲ. ಎಲ್ಲಿಂದಲೋ ಒಂದು ಪಾಂಪ್ಲೆಟ್ ಸಿಕ್ಕಿತು, ಅಮ್ಮ ಮಗಳಿಗೆ ಒಟ್ಟಿಗೆ ಇಡೀ ದೇಹದ ಪರೀಕ್ಷೆ, ಎಪ್ಪತ್ತೆರಡು ಟೆಸ್ಟು, ಮ್ಯಾಮೋಗ್ರಾಂ ಸೇರಿ. ಅಮ್ಮನನ್ನು ಎಳೆದುಕೊಂಡು ಕ್ಲಿನಿಕ್ಕಿಗೆ ಹೋದೆ, ಡಾಕ್ಟರದೊಂದು ಚೀಟಿ ಇದ್ದರೆ ಒಳ್ಳೆಯದು ಎಂದು. ಅಂದು ಡಾಕ್ಟರು ಯಾರದೋ ಮನೆಗೆ ಹೋಗಿದ್ದರು.

ಸಿಸ್ಟರ್ ಪಾಂಪ್ಲೆಟ್ಟನ್ನು ಕನ್ನಡಕ ಏರಿಸಿ ಓದಿದರು. "ಮ್ಯಾಮೋಗ್ರಾಂ ಈಗ ನಿಂಗ್ಯಾಕೆ?"

"ಯಾಕಂದ್ರೆ? ಒಳ್ಳೇದಲ್ವಾ ಸಿಸ್ಟರ್? ಮುಂಚೆನೇ ಗೊತ್ತಾಗುತ್ತೆ."

"ನಿಂಗೆ ಗಂಟೇನಾದ್ರೂ ಕೈಗೆ ಸಿಕ್ಕಿದ್ಯಾ? ಮನೇಲಿ ಅಮ್ಮಂಗೋ ಅಕ್ಕಂಗೋ ಈ ಕಾಯಿಲೆ ಇತ್ತಾ?"

"ಇಲ್ಲ."

"ಹಂಗಾದ್ರೆ ಬೇಡ. ಮೂವತ್ತಕ್ಕೆ ಎದೇಲಿ ಹಾಲಿನ ಗ್ರಂಥಿ ಒತ್ತಾಗಿರುತ್ತೆ. ಆ ಫಿಲ್ಮಲ್ಲಿ ಅದೂ ಬಿಳಿ, ಗಂಟೂ ಬಿಳಿ. ಹಿಟ್ಟಿನ್ ಡಬ್ಬದಲ್ಲಿ ಸುಣ್ಣದ್ ಚೂರು ಹುಡುಕ್ದಂಗೆ. ವಯಸ್ಸಾಗ್ತಾ ಗ್ರಂಥಿ ಹೋಗಿ ಕೊಬ್ಬು ಜಾಸ್ತಿ ಆಗುತ್ತೆ, ಅದು ಕಪ್ಪಾಗ್ ಕಾಣುತ್ತೆ, ಆಗ ಬಿಳಿ ಗಂಟು ಎದ್ದು ಕಾಣುತ್ತೆ. ಕಾಯಿಲೆ ಜಾಸ್ತಿ ಬರೋದೂ ಆ ವಯಸ್ಸಲ್ಲೇ. ನಿನ್ ವಯಸ್ಸಿನ ಸಾವಿರ ಹುಡ್ಗೀರಿಗೆ ಮಾಡಿದ್ರೆ ಕಾಯಿಲೆ ಇರೋರು ಒಬ್ರು ಸಿಕ್ಕಿದ್ರೂ ಹೆಚ್ಚು. ಆದ್ರೆ ಅನುಮಾನ ಅಂತ ವಾಪಸ್ ಕರೆಸ್ಕೊಳ್ಳೋರು ಎಷ್ಟೋ ಜನ. ಸೂಜಿ ಚುಚ್ಚು, ಸ್ಕ್ಯಾನ್ ಮಾಡು, ತಿಂಗ್ಳುಗಟ್ಲೆ ನಿದ್ದೆಗೆಡು. ಕೊನೆಗೆ ಏನೂ ಇರಲ್ಲ."

ನನಗೆ ತಲೆ ಕೆಟ್ಟುಹೋಯಿತು. ದುಡಿಯುವವಳು ನಾನು, ದುಡ್ಡು ನನ್ನದು, ಮೈ ನನ್ನದು. ಇವರು ಯಾರು ಬೇಡ ಎನ್ನಲು ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಆಮೇಲೆ ಇನ್ನೊಂದು ದಾರಿ ಹಿಡಿದೆ.

"ಸರಿ, ನಂಗ್ ಬೇಡ. ಅಮ್ಮಂಗಾದ್ರೂ ಮಾಡ್ಸಲ್ವಾ?"

ಸಿಸ್ಟರ್ ಎರಡನೇ ಡಬ್ಬದಿಂದ ಅಮ್ಮನ ಕಾರ್ಡು ತೆಗೆದರು. ಕಮಲಾದೇವಿ, ೧೯೬೮. "ನಿಮಗಿನ್ನೂ ನಲವತ್ತೊಂಬತ್ತು ಕಮಲಮ್ಮ. ಕೆಲವು ಕಡೆ ನಲವತ್ತಕ್ಕೇ ಶುರು ಮಾಡ್ತಾರೆ, ನಮ್ ಡಾಕ್ಟ್ರು ಐವತ್ತು ಅಂತಾರೆ. ಮುಂದಿನ ಯುಗಾದಿಗೆ ನಾನೇ ಫೋನ್ ಮಾಡ್ತೀನಿ" ಎಂದು ಹೇಳಿ ಕಾರ್ಡನ್ನು ವಾಪಸ್ ಇಡಲು ಹೋದರು.

ಅಮ್ಮ ತಲೆ ತಗ್ಗಿಸಿ ಬ್ಯಾಗಿನ ಜಿಪ್ಪನ್ನು ತೆಗೆಯುವುದು, ಹಾಕುವುದು ಮಾಡುತ್ತಿದ್ದಳು. ಎದ್ದು ಹೊರಟೇಬಿಡುತ್ತಾಳೆ ಅಂದುಕೊಂಡೆ. ಏಳಲಿಲ್ಲ.

"ಸಿಸ್ಟರ್, ಆ ಕಾರ್ಡು ತಪ್ಪು" ಎಂದಳು. "ನಂಗೆ ಐವತ್ತೈದು."

ನಾನು ನಕ್ಕುಬಿಟ್ಟೆ. ಅಮ್ಮ ನಗಲಿಲ್ಲ.

ಅಂದು ಆ ಮರದ ಬೆಂಚಿನ ಮೇಲೆ ಕೂತು ಕೇಳಿದ ಕತೆಯನ್ನು ನಾನು ಮೂವತ್ತು ವರ್ಷ ಅದೇ ಮನೆಯಲ್ಲಿದ್ದೂ ಕೇಳಿರಲಿಲ್ಲ. ಅಮ್ಮ ತಿಪಟೂರಿನವಳು. ಟೀಚರ್ ಟ್ರೈನಿಂಗ್ ಮುಗಿಸಿ, ಗಂಡು ಕುದುರದೆ, ಊರ ಹತ್ತಿರದ ಪ್ರಾಥಮಿಕ ಶಾಲೆಯಲ್ಲಿ ನಾಲ್ಕು ವರ್ಷ ಪಾಠ ಮಾಡಿದ್ದಳು. ಇಪ್ಪತ್ನಾಲ್ಕಾದಾಗ ಬೆಂಗಳೂರಿನ ಪಾತ್ರೆ ಅಂಗಡಿಯವರ ಸಂಬಂಧ ಬಂತು. ಹುಡುಗ, ಅಂದರೆ ನಮ್ಮಪ್ಪ ಗೌರೀಶಂಕರ, ಅವಳಿಗಿಂತ ಎರಡು ವರ್ಷ ಚಿಕ್ಕವನು. ತಾತ ಹಿಂದೆ ಮುಂದೆ ನೋಡದೆ ಹುಡುಗಿಗೆ ಈಗಷ್ಟೇ ಹದಿನೆಂಟು ತುಂಬಿದೆ ಎಂದು ಹೇಳಿದರು. ಆರು ವರ್ಷ ಹಾಗೆ ಮಾಯವಾಯಿತು. ಹದಿನೆಂಟರ ಹುಡುಗಿ ನಾಲ್ಕು ವರ್ಷ ಮೇಷ್ಟ್ರಾಗಿರಲು ಸಾಧ್ಯವಿಲ್ಲವಲ್ಲ, ಹಾಗಾಗಿ ಶಾಲೆಯೂ ಮಾಯವಾಯಿತು. ಅದರ ಮಾತು ಗಂಡನ ಮನೆಯಲ್ಲಿ ಎತ್ತಕೂಡದು ಎಂದು ಅಜ್ಜಿ ಆಣೆ ಹಾಕಿಸಿಕೊಂಡಿದ್ದಳಂತೆ.

"ಇವಳಪ್ಪಂಗೆ ಗೊತ್ತಾದ್ರೆ ಏನಂತಾರೋ" ಎಂದು ಅಮ್ಮ ಅಳತೊಡಗಿದಳು. "ಮುಂದಿನ್ ವರ್ಷ ಹೆಂಗೂ ಮಾಡ್ತಾರಲ್ಲ, ಸುಮ್ನಿದ್ಬಿಡೋಣ ಅಂತಾನೇ ಇದ್ದೆ. ನೀವು ಆ ಬಿಳಿ ಗಂಟಿನ ಮಾತು ಆಡಿದ್ಮೇಲೆ ಇರೋಕಾಗ್ಲಿಲ್ಲ."

ಸಿಸ್ಟರ್ ಕಾರ್ಡಿನ ಇಸವಿಯನ್ನು ಹೊಡೆದುಹಾಕಿ ೧೯೬೨ ಎಂದು ಬರೆದರು, ಬರೆದು ಮೂರನೇ ಡಬ್ಬಕ್ಕೆ ಹಾಕಿದರು. "ಐದು ವರ್ಷ ಹೋಯ್ತು. ಈ ವಾರಾನೇ ಮಾಡ್ಸಿ. ಆಸ್ಪತ್ರೇಲೂ ನಿಜವಾದ್ ವಯಸ್ಸೇ ಬರೆಸ್ಬೇಕು, ಮುಂದೆ ಅವ್ರು ಅದನ್ನ ನೋಡೇ ತೀರ್ಮಾನ ಮಾಡೋದು. ಮನೆಯೋರಿಗೆ ಹೇಳೋದು ಬಿಡೋದು ನಿಮಗ್ ಬಿಟ್ಟಿದ್ದು."

ಅಮ್ಮ ಆ ರಾತ್ರಿಯೇ ಹೇಳಿದಳು. ಅಪ್ಪ ಊಟಕ್ಕೆ ಕೂತಿದ್ದರು. ನಾನು ಅಡುಗೆಮನೆಯ ಬಾಗಿಲಲ್ಲಿ ಜಗಳಕ್ಕೆ ತಯಾರಾಗಿ ನಿಂತಿದ್ದೆ, ಅಪ್ಪ ಒಂದು ಮಾತು ಆಡಿದರೆ ನಾನು ಹತ್ತು ಆಡುವುದೆಂದು. ಅಪ್ಪ ಅರ್ಧ ಮುದ್ದೆ ಹಾಗೇ ಬಿಟ್ಟು ಕೈ ತೊಳೆದರು. ಮುಖ ಕೆಂಪಾಗಿತ್ತು. ಅವರಿಗೆ ನೋವಾಗಿತ್ತು, ಅದು ಕಾಣುತ್ತಿತ್ತು. ಆಮೇಲೆ "ಬೆಳಿಗ್ಗೆ ಎಷ್ಟ್ ಗಂಟೆಗೆ ಹೋಗ್ಬೇಕು?" ಎಂದು ಕೇಳಿದರು. ಮರುದಿನ ಅಂಗಡಿ ಬಾಗಿಲು ತೆಗೆಯಲಿಲ್ಲ.

ಆಸ್ಪತ್ರೆಯವರು ಮೊದಲ ಫಿಲ್ಮ್ ನೋಡಿ ಮತ್ತೊಮ್ಮೆ ಬರಹೇಳಿದರು. ಇನ್ನೊಂದು ಕೋನದಿಂದ ಫಿಲ್ಮ್, ಸ್ಕ್ಯಾನ್, ಕೊನೆಗೆ ಸೂಜಿ. ಬಲಗಡೆ ಒಂಬತ್ತು ಮಿಲಿಮೀಟರಿನ ಗಂಟು. ಕೈಗೆ ಸಿಗದಷ್ಟು ಚಿಕ್ಕದು, ಆದರೆ ಕ್ಯಾನ್ಸರ್. ಕಂಕುಳಿಗೆ ಹರಡಿರಲಿಲ್ಲ. ಗಂಟನ್ನಷ್ಟೇ ತೆಗೆದರು, ಆಮೇಲೆ ಮೂರು ವಾರ ರೇಡಿಯೇಷನ್, ಐದು ವರ್ಷ ಮಾತ್ರೆ. ಇನ್ನೊಂದು ವರ್ಷ ತಡವಾಗಿದ್ದರೆ ಏನಾಗುತ್ತಿತ್ತು ಎಂದು ಜಯಸಿಂಹ ಡಾಕ್ಟರನ್ನು ಕೇಳಿದೆ. ಗೊತ್ತಿಲ್ಲ ಎಂದರು. ಸುಳ್ಳು ಧೈರ್ಯವನ್ನಾಗಲಿ, ಸುಳ್ಳು ಭಯವನ್ನಾಗಲಿ ಅವರು ಎಂದೂ ಕೊಟ್ಟವರಲ್ಲ. ನನ್ನ ಕಾರ್ಡಿನ ಮೇಲೆ ಮಾತ್ರ ಹೊಸದಾಗಿ ಒಂದು ಸಾಲು ಬರೆದರು. ಅಮ್ಮನಿಗೆ ಬಂದಿರುವುದರಿಂದ ನನಗೆ ಐವತ್ತಲ್ಲ, ನಲವತ್ತಕ್ಕೇ ಮ್ಯಾಮೋಗ್ರಾಂ ಶುರು. ಈಗ ನನಗೆ ಮೂವತ್ತೆಂಟು, ಅದಕ್ಕೆ ಇನ್ನೆರಡು ವರ್ಷ ಇದೆ.

ಆಸ್ಪತ್ರೆಯ ಆ ದಿನಗಳಲ್ಲಿ ಅಪ್ಪ ಅಮ್ಮನ ಮಂಚದ ಪಕ್ಕ ಸ್ಟೂಲಿನಲ್ಲಿ ಕೂತು ಶಾಲೆಯ ಕತೆ ಕೇಳುತ್ತಿದ್ದರು. ಮಗ್ಗಿ ಬಾರದ ಹೊಳೆಪ್ಪ ಎಂಬ ಹುಡುಗ, ಸೋರುವ ಹೆಂಚು, ಇನ್ಸ್‌ಪೆಕ್ಟರ್ ಬಂದಾಗ ಕರಿಹಲಗೆಯ ಹಿಂದೆ ಅವಿತ ಹೆಡ್‌ಮೇಷ್ಟ್ರು. ಅಮ್ಮ ಒಬ್ಬಳೇ ನಗುತ್ತಾ ಹೇಳುತ್ತಿದ್ದಳು. ಆ ನಗುವನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ, ಇದನ್ನು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಆಪರೇಷನ್ ಆಗಿ ಹತ್ತನೇ ದಿನ ಕಾತ್ಯಾಯಿನಿ ಸಿಸ್ಟರ್ ಮೂಸಂಬಿ ಹಿಡಿದುಕೊಂಡು ಮನೆಗೆ ಬಂದರು. ಕ್ಲಿನಿಕ್ಕಿನಲ್ಲಿ ರಾಣಿಯ ಹಾಗಿರುತ್ತಿದ್ದವರು ನಮ್ಮ ಸೋಫಾದ ತುದಿಯಲ್ಲಿ ಕೂತರು. ಕಾಫಿ ಆರಿಹೋದರೂ ಮುಟ್ಟಲಿಲ್ಲ.

"ಕಮಲಮ್ಮ, ಒಂದ್ ವಿಷ್ಯ ಹೇಳ್ಬೇಕು. ಆರು ವರ್ಷದ ಹಿಂದೆ ಡಾಕ್ಟ್ರಿಗೆ ಕಾಯ್ತಾ ಇದ್ದಾಗ ನೀವು ಸ್ಕೂಲಿನ್ ವಿಷ್ಯ ಹೇಳಿದ್ರಿ, ಮದ್ವೆಗ್ ಮುಂಚೆ ನಾಲ್ಕ್ ವರ್ಷ ಪಾಠ ಮಾಡ್ದೆ ಅಂತ. ಆವತ್ತೇ ನಂಗೆ ವಯಸ್ಸು ತಾಳೆ ಆಗ್ತಿಲ್ಲ ಅನ್ಸಿತ್ತು. ಹೆಂಗಸ್ರ ವಯಸ್ಸು ಕೆದಕೋದು ಯಾಕೆ ಅಂತ ಸುಮ್ನಾದೆ. ಆಮೇಲೆ ಪ್ರತೀ ಯುಗಾದಿ ನಿಮ್ ಕಾರ್ಡು ಕೈಗೆ ಬಂದಾಗ ನೆನಪಾಗ್ತಿತ್ತು, ಮತ್ತೆ ಅದೇ ಡಬ್ಬಕ್ಕೆ ಹಾಕ್ತಿದ್ದೆ. ಕೇಳ್ಬೇಕಿತ್ತು ನಾನು."

ಅವರ ಕಣ್ಣಲ್ಲಿ ನೀರು ಬಂದಿತ್ತು. ನನಗೆ ಒಂದು ಕ್ಷಣ ಭಾರಿ ಸಿಟ್ಟು ಬಂತು. ಆರು ವರ್ಷ, ಗೊತ್ತಿದ್ದೂ. ಬಾಯಿ ತೆರೆದೂ ಬಿಟ್ಟಿದ್ದೆ, ಅಮ್ಮ ನನ್ನತ್ತ ನೋಡಿದ ರೀತಿಗೆ ಸುಮ್ಮನಾದೆ.

"ಕೇಳಿದ್ರೆ ಸುಳ್ಳೇ ಹೇಳ್ತಿದ್ದೆ ಸಿಸ್ಟರ್" ಎಂದಳು ಅಮ್ಮ. ನೋವಿಲ್ಲದ ಎಡಗೈಯಿಂದ ಅವರ ಕೈ ಹಿಡಿದುಕೊಂಡಳು. "ಕೇಳಿದ್ರೆ ಮತ್ತೆ ನಿಮ್ ಹತ್ರಾನೂ ಬರ್ತಿರ್ಲಿಲ್ಲ. ಇಲ್ಲದ ತಲೆನೋವು ಹೇಳ್ಕೊಂಡು ಅಷ್ಟ್ ಸಲ ಕ್ಲಿನಿಕ್ಕಿಗೆ ಯಾಕ್ ಬರ್ತಿದ್ದೆ ಅಂದ್ಕೊಂಡ್ರಿ? ನನ್ ಸ್ಕೂಲಿನ್ ಮಾತು ಆಡೋಕೆ ಈ ಬೆಂಗ್ಳೂರಲ್ಲಿ ನಂಗೆ ನೀವ್ ಒಬ್ರೇ ಇದ್ದಿದ್ದು."