ಸಬ್ಜೆಕ್ಟ್ ಸರ್ ಹಾಕಿದ ಸಾಲು

ಆ ಕೊರಿಯರ್ ಕಚೇರಿಯ ಬಿಲ್ ವಿಭಾಗದಲ್ಲಿ ಅವರ ನಿಜವಾದ ಹೆಸರು ಸಂಬಳದ ದಿನ ಮಾತ್ರ ಕೇಳಿಬರುತ್ತಿತ್ತು. ಉಳಿದಂತೆ ಅವರು ಎಲ್ಲರಿಗೂ ಸಬ್ಜೆಕ್ಟ್ ಸರ್. ರಜೆಯ ಮೇಲ್ ಕಳಿಸುವ ಮುನ್ನ ಯಾರೇ ಆದರೂ ಸಬ್ಜೆಕ್ಟ್ ಸಾಲಿನಲ್ಲಿ ಏನು ಹಾಕಲಿ ಎಂದು ಅವರ ಮೇಜಿನ ಹತ್ತಿರ ಬಂದು ತಲೆ ಕೆರೆದುಕೊಳ್ಳುತ್ತಿದ್ದರು.

"ಮ್ಯಾನೇಜರ್ ಮೇಡಂ ಮೇಲ್ ನೋಡೋದು ಫೋನಲ್ಲಿ, ಅದೂ ಮೀಟಿಂಗ್ ಮಧ್ಯೆ. 'ಒಂದು ವಿನಂತಿ' ಅಂತ ಹಾಕಿದ್ರೆ ಯಾರಪ್ಪ ತೆಗೀತಾರೆ? ರಜೆ ಅಂತ ಮೊದಲು ಹೇಳು, ತಾರೀಖು ಹಾಕು, ನಿನ್ನ ಕೆಲಸ ಯಾರು ನೋಡ್ಕೊತಾರೆ ಹೇಳು. ಮುಗೀತು," ಅನ್ನುತ್ತಿದ್ದರು. ಆ ಕೊನೆಯದೇ ಬೀಗದ ಕೈ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಭಾವ ಸಮುದ್ರ ನೋಡಲು ಹೋಗೋಣ ಎಂದು ಕರೆದಾಗ ಅವರು ಹಿಂದೆಮುಂದೆ ನೋಡಲಿಲ್ಲ. 'ರಜೆ ಮನವಿ, ಹನ್ನೆರಡರಿಂದ ಹದಿನಾಲ್ಕು' ಎಂದು ಬರೆದು, ತಮ್ಮ ಕೆಲಸ ನೋಡಿಕೊಳ್ಳುವ ಬದಲಿಯಾಗಿ ಪಕ್ಕದ ಮೇಜಿನ ಹುಡುಗಿಯ ಹೆಸರು ಹಾಕಿದರು. ಅವಳನ್ನು ಕೇಳಲಿಲ್ಲ. ಪಾಪದ ಹುಡುಗಿ, ಆಮೇಲೆ ಹೇಳಿದರಾಯಿತು ಅಂದುಕೊಂಡರು. ಟೀ ಆರುವ ಮೊದಲೇ ಒಪ್ಪಿಗೆ ಬಂತು. ಹೇಳುವುದು ಮರೆತೇ ಹೋಯಿತು.

ಎರಡು ದಿನ ಕಳೆದು ಆ ಹುಡುಗಿಯೇ ಎದುರು ಬಂದು ನಿಂತಳು.

"ಸರ್, ನನ್ನ ಮೇಲ್ ಮೇಡಂ ಇನ್ನೂ ತೆಗೆದೇ ಇಲ್ಲ. 'ನಮಸ್ಕಾರ ಮೇಡಂ' ಅಂತ ಹಾಕಿದ್ದೆ. ಅಮ್ಮನ ಕಣ್ಣಿನ ಆಪರೇಷನ್. ನನ್ನ ಬಿಟ್ರೆ ಜೊತೆಗೆ ಯಾರೂ ಇಲ್ಲ."

"ಯಾವತ್ತು?"

"ಹನ್ನೆರಡಕ್ಕೆ. ಆಸ್ಪತ್ರೆಯವರು ಈ ಸಲ ತಪ್ಪಿದ್ರೆ ಮತ್ತೆ ಎರಡು ತಿಂಗಳು ಕಾಯ್ಬೇಕು ಅಂದ್ರು."

ಆ ವಿಭಾಗದ ಕೆಲಸ ಬಲ್ಲವರು ಇಬ್ಬರೇ; ಇಬ್ಬರಿಗೂ ಒಟ್ಟಿಗೆ ರಜೆ ಸಿಗುವ ಮಾತೇ ಇಲ್ಲ. ಅವಳು ಎಂಥ ಚೆಂದದ ಸಾಲು ಬರೆದರೂ ಮೇಡಂ ಈಗ ಆಗುವುದಿಲ್ಲ ಎನ್ನುತ್ತಾರೆ. ತಾವೇ ಅವಳ ಕೈ ಕಟ್ಟಿ ಕೂರಿಸಿದ್ದರು, ಅದೂ ಅವಳಿಗೇ ಗೊತ್ತಿಲ್ಲದೆ. ನಾಚಿಕೆಯಿಂದ ಅವರ ಕಿವಿ ಬಿಸಿಯಾಯಿತು.

"ನೀನು ಹೋಗಿ ಕೂತ್ಕೋ, ನಾನೇ ಕಳಿಸ್ತೀನಿ," ಎಂದರು.

'ನನ್ನ ರಜೆ ರದ್ದು. ಅದೇ ದಿನಗಳ ಅವಳ ರಜೆಗೆ ನಾನು ಬದಲಿ. ಇಂದೇ ಒಪ್ಪಿಗೆ ಬೇಕು' ಎಂದು, ಅವಳ ಹೆಸರು ಹಾಕಿ ಸಬ್ಜೆಕ್ಟ್ ಸಾಲು ಬರೆದರು. ಮೇಲ್ ಒಳಗೆ ಎಲ್ಲವನ್ನೂ ಬರೆದು ಒಪ್ಪಿಕೊಂಡರು: ಕೇಳದೆ ಅವಳ ಹೆಸರು ಬಳಸಿದೆ, ತಪ್ಪು ನನ್ನದು, ಕ್ಷಮಿಸಿ. ಅವಳಿಗೂ ಪ್ರತಿ ಹಾಕಿ ಕಳಿಸಿಬಿಟ್ಟರು.

ಸ್ವಲ್ಪ ಹೊತ್ತಿಗೆ ಮೇಡಂ ಉತ್ತರ ಬಂತು. 'ಸರಿ. ದೊಡ್ಡ ಮನಸ್ಸು ನಿಮ್ಮದು.'

ಅವರು ಆ ಸಾಲನ್ನು ಮತ್ತೆ ಮತ್ತೆ ಓದಿದರು. ಮೇಡಂ ಫೋನಲ್ಲಿ ಸಬ್ಜೆಕ್ಟ್ ಸಾಲಷ್ಟೇ ನೋಡಿ ಉತ್ತರಿಸಿದ್ದರು; ಮೇಲ್ ಒಳಗಿನದನ್ನು ಓದಿರಲೇ ಇಲ್ಲ.

ಹುಡುಗಿ ಕಣ್ಣೊರೆಸಿಕೊಳ್ಳುತ್ತಾ ಬಂದಳು. "ನನಗೋಸ್ಕರ ನಿಮ್ಮ ರಜೆ ಬಿಟ್ಟುಕೊಟ್ರಾ ಸರ್? ಮನೆಗೆ ಹೋಗಿ ಅಮ್ಮನಿಗೆ ನಿಮ್ಮ ಹೆಸರು ಹೇಳ್ತೀನಿ."

ಅವಳೂ ಮೇಲಿನ ಸಾಲು ಮಾತ್ರ ಓದಿದ್ದಳು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆ ಆಸೆ ತಮ್ಮೊಳಗೆ ಒಂದು ಕ್ಷಣ ಸುಳಿದದ್ದಕ್ಕೆ ಅವರಿಗೆ ಇನ್ನಷ್ಟು ನಾಚಿಕೆಯಾಯಿತು.

"ಹೇಳೋಕೆ ಮೊದಲು ಮೇಲ್ ತೆಗೆದು ಓದಮ್ಮ," ಎಂದು, ಅವಳು ಓದಿ ಮುಗಿಸುವವರೆಗೂ ತಲೆ ತಗ್ಗಿಸಿ ಅಲ್ಲೇ ನಿಂತರು.