ಬೇಳೆ ಬಸ್ದು ಕಟ್ಟಿಡು

ಲೋಪಸಂಧಿ ಅಂದರೆ ಏನು ಅಂತ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ರಾಬರ್ಟ್‌ಸನ್‌ಪೇಟೆಯಲ್ಲಿ ಹುಟ್ಟಿ ಅಲ್ಲೇ ಶಾಲೆಗೆ ಹೋದವಳು ನಾನು. ನಮ್ಮೂರ ಕಡೆಯ ಹೆಣ್ಣುಮಕ್ಕಳು ಬೆರಣಿ ತಟ್ಟುತ್ತಿದ್ದ ವಯಸ್ಸಿನಲ್ಲಿ ನಾನು ವ್ಯಾಕರಣ ಒಪ್ಪಿಸುತ್ತಿದ್ದೆ. ಆ ಜಂಬ ಮದುವೆಯಾಗಿ ಬಂಗಾರಪೇಟೆಗೆ ಬಂದಾಗಲೂ ನನ್ನ ಜೊತೆಗೇ ಬಂತು. ಅಂಥವಳು ಒಂದು ಯುಗಾದಿಯ ದಿನ ಅದೇ ಸಂಧಿಯಲ್ಲಿ ಮುಗ್ಗರಿಸಿದೆ. ಮುಗ್ಗರಿಸಿದ್ದು ನಾನು, ಪೆಟ್ಟು ತಿಂದವಳು ನನ್ನ ಓರಗಿತ್ತಿ.

ಅವಳು ಆ ಬೇಸಾಯದ ಮನೆಯ ಹಿರಿಸೊಸೆ. ನಾನು ಅಕ್ಕ ಅನ್ನುತ್ತಿದ್ದೆ. ಮಕ್ಕಳಾಗಿರಲಿಲ್ಲ, ಓದು ಬಾರದು, ಅತ್ತೆಗೆ ಅವಳನ್ನು ಕಂಡರೆ ಅಷ್ಟಕ್ಕಷ್ಟೆ. ಅವ್ವ ಸತ್ತ ಮೇಲೆ ಅವಳನ್ನು ಸಾಕಿದವನು ಅವಳ ಅಣ್ಣ, ಮಾರಿಕುಪ್ಪಂನಲ್ಲಿದ್ದುಕೊಂಡು ಚಿನ್ನದ ಗಣಿಗೆ ಇಳಿಯುತ್ತಿದ್ದ. ಅವಳ ಮದುವೆಯಲ್ಲಿ ಮಾವನಿಗೂ ಅವನಿಗೂ ಏನೋ ಮಾತು ಬೆಳೆದು ಐದು ವರ್ಷ ಅವನು ನಮ್ಮ ಹೊಸಿಲು ತುಳಿದಿರಲಿಲ್ಲ. ಆ ವರ್ಷ ಮಾವನೇ ಮನಸ್ಸು ಕರಗಿ, ಯುಗಾದಿ ಊಟಕ್ಕೆ ಕರೆದ ಇಪ್ಪತ್ತು ಜನರಲ್ಲಿ ಅವನನ್ನೂ ಸೇರಿಸಿದರು.

"ಅಣ್ಣನ ಎಲೆಗೆ ನಾನೇ ಬಡಿಸ್ಬೇಕು ಕಣಮ್ಮ," ಅಂತ ಅಕ್ಕ ಆ ವಾರದಲ್ಲಿ ಎಷ್ಟು ಸಲ ಅಂದಳೋ. "ಎತ್ತಿ ಸಾಕ್ದೋನಿಗೆ ಒಂದ್ಸಲ ನನ್ ಕೈಯಾರೆ ಇಕ್ಬೇಕು. ಇನ್ನೇನೂ ಬ್ಯಾಡ ನಂಗೆ."

ಅಡಿಗೆಯ ಯಜಮಾನಿಕೆಯನ್ನು ಅತ್ತೆ ನನಗೆ ಕೊಟ್ಟರು, ಓದಿದ ಸೊಸೆ ಅಂತ. ನಾನೋ, ಸ್ಲೇಟು ಹಿಡಿದು ಕೂತೆ. ಮಾವಿನಕಾಯಿ ಚಿತ್ರಾನ್ನ, ಬೇಳೆ ಒಬ್ಬಟ್ಟು, ಸಾರು, ಆಲೂಗೆಡ್ಡೆ ಪಲ್ಯ, ಅಂಬೊಡೆ, ಕಡಲೆಬೇಳೆ ಪಾಯಸ. ಓದಿ ಹೇಳಿದಾಗ ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು.

"ಅಯ್ಯೋ, ಎಲೆ ತುಂಬಾ ಅರಿಶಿನ ಎರಚ್ದಂಗಾಯ್ತದಲ್ಲೇ ತಾಯಿ! ಎಲ್ಲಾ ಅಳ್ದಿ, ಅಂಬೊಡೆ ಬಿಟ್ರೆ ಎಲ್ಲಾ ಮೆತ್ತಗೆ. ಆಲೂಗೆಡ್ಡೆ ಬಿಡು, ಉರುಳಿಕಾಯಿ ಪಲ್ಯ ಮಾಡು, ಅಸ್ರುಗಿರ್ತದೆ. ಪಾಯಸ ಶಾವಿಗೇದು ಮಾಡು, ಬೆಳ್ಳಗಿರ್ಲಿ. ಸೌತೇಕಾಯಿ ಆಕಿ ಎಸರುಬೇಳೆ ಕೋಸಂಬ್ರಿ. ಅಗಿಯಾಕೆ ಅಂಬೊಡೆ ಜತೆಗೆ ಅಪ್ಪಳ."

ಕೆಲಸದ ಸರದಿಯನ್ನೂ ಅವಳೇ ಹೇಳಿದಳು. ಇರುವುದು ಎರಡು ಒಲೆ. ದೊಡ್ಡ ಒಲೆಯ ಮೇಲೆ ಎಲ್ಲಕ್ಕಿಂತ ಮೊದಲು ತೊಗರಿಬೇಳೆ, ಯಾಕೆಂದರೆ ಹೂರಣ ರುಬ್ಬಿ ಆರಬೇಕು, ಅಷ್ಟು ಹೊತ್ತಿಗೆ ಕಣಕ ಎಣ್ಣೆಯಲ್ಲಿ ನೆನೆದಿರಬೇಕು. ಚಿಕ್ಕ ಒಲೆಯಲ್ಲಿ ಪಲ್ಯ, ಪಾಯಸ. ಅಂಬೊಡೆ ಬಾಣಲೆಗೆ ಬೀಳುವುದು ಜನ ಕೈಕಾಲು ತೊಳೆಯುವಾಗ. ಕೋಸಂಬರಿಗೆ ಉಪ್ಪು ಎಲೆ ಹಾಕಿದ ಮೇಲೆಯೇ, ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟು ಪಕ್ಕದ ಚಿತ್ರಾನ್ನಕ್ಕೆ ಹರಿಯುತ್ತದೆ. ನಾನು ಅಳಿಸಿ ಅಳಿಸಿ ಬರೆದೆ. ಆಮೇಲೆ ಅದನ್ನೇ ಅತ್ತೆಗೆ ಓದಿ ಹೇಳಿದೆ. "ಓದ್ದೋರ ತಲೇನೇ ಬೇರೆ," ಅಂದರು ಅತ್ತೆ. ಇದು ಅಕ್ಕನದು ಅಂತ ಹೇಳಲು ನನ್ನ ಗಂಟೇನು ಹೋಗುತ್ತಿತ್ತು? ಹೇಳಲಿಲ್ಲ.

ಹಬ್ಬದ ಬೆಳಿಗ್ಗೆ ಎರಡು ಸೇರು ಬೇಳೆ ಹದವಾಗಿ ಬೆಂದಿತ್ತು. ಅಕ್ಕ ಎರಡು ಕಾಳು ಬೆರಳಲ್ಲಿ ಹಿಚುಕಿ ನೋಡಿ, ಕುಡುಗೋಲು ತೆಗೆದುಕೊಂಡಳು. "ನಾನು ಬಾಳೆ ಎಲೆ ಕುಯ್ಕೊಂಡು ಬತ್ತೀನಿ. ಬೇಳೆ ಬಸ್ದು ಕಟ್ಟಿಡು," ಅಂದು ತೋಟಕ್ಕೆ ಹೋದಳು.

ಕಟ್ಟಿಡು. ಕಟ್ಟಿ ಇಡು ಅಂತ ನನ್ನ ಕಿವಿಗೆ ಬಿತ್ತು. ಬೇಳೆ ಬಸಿದೆ, ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಗೂಟಕ್ಕೆ ನೇತು ಹಾಕಿದೆ. ಬಸಿದ ನೀರನ್ನು ಹಿತ್ತಿಲಿಗೆ ಹೊತ್ತು ಕರುವಿನ ಕಲಗಚ್ಚಿಗೆ ಸುರಿದೆ. ಆಮೇಲೆ ಬೇಳೆಗೆ ಬೆಲ್ಲ ಹಾಕಿ ಒಲೆಗಿಟ್ಟು, ಗಟ್ಟಿಯಾದ ಮೇಲೆ ಹೂರಣ ರುಬ್ಬಿಟ್ಟೆ. ನಮ್ಮ ತವರಿನಲ್ಲಿ ಮಾಡುತ್ತಿದ್ದದ್ದು ಕಾಯಿ ಒಬ್ಬಟ್ಟು ಮಾತ್ರ. ಆ ನೀರಿಗೇ ಕಟ್ಟು ಅನ್ನುತ್ತಾರೆ, ಒಬ್ಬಟ್ಟಿನ ಸಾರಿನ ಜೀವವೇ ಅದು ಅಂತ ನನಗೆ ಯಾವ ಪಾಠದಲ್ಲೂ ಹೇಳಿಕೊಟ್ಟಿರಲಿಲ್ಲ. ಅಕ್ಕ ಹೇಳಿದ್ದು ಕಟ್ಟು ಇಡು ಅಂತ.

ಅಕ್ಕ ಎಲೆಯ ಹೊರೆ ಇಳಿಸುವುದಕ್ಕೂ ಅತ್ತೆ ಅಡಿಗೆಮನೆಗೆ ಬರುವುದಕ್ಕೂ ಸರಿಹೋಯಿತು.

"ಕಟ್ಟೆಲ್ಲಿ?" ಅಂದರು ಅತ್ತೆ.

ಖಾಲಿ ಪಾತ್ರೆಯನ್ನು ನೋಡಿದ ಅತ್ತೆ ಸೀದಾ ಅಕ್ಕನ ಕಡೆ ತಿರುಗಿದರು. "ಚೆಲ್ದಾ? ನಿಮ್ಮಣ್ಣ ಬತ್ತಾನೆ ಅಂತ ಮೈಮೇಲೆ ಗ್ಯಾನ ಇಲ್ವಾ ನಿಂಗೆ? ಇಪ್ಪತ್ ಜನಕ್ಕೆ ಸಾರಿಗೇನು ನಿಮ್ಮಪ್ಪನ ಮನೆಯಿಂದ ತತ್ತೀಯಾ? ಇವತ್ತು ನೀನು ಪಂಕ್ತಿ ಕಡೆ ತಲೆ ಆಕಿದ್ರೆ ನೋಡು! ಒಲೆ ಮುಂದೆ ಬಿದ್ದಿರು. ಚಿಕ್ಕೋಳು ಬಡಿಸ್ತಾಳೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ. ನಾನು ಹೆಗಲನ್ನೂ ಮುಟ್ಟಲಿಲ್ಲ, ಕೊಬ್ಬರಿ ತುರಿಯುತ್ತಾ ನಿಂತೆ. ಅಕ್ಕ ಒಮ್ಮೆ ಹಿತ್ತಿಲ ಬಾಗಿಲ ಕಡೆ ನೋಡಿದಳು, ಒಮ್ಮೆ ನನ್ನ ಕಡೆ ನೋಡಿದಳು. ಆಮೇಲೆ ರುಬ್ಬಿಟ್ಟ ಹೂರಣದಿಂದ ಎರಡು ದೊಡ್ಡ ಹಿಡಿ ತೆಗೆದು ಬಿಸಿನೀರಲ್ಲಿ ಕದಡಿದಳು. ಹುಣಸೆ ಹಿಂಡಿ, ಸಾರಿನ ಪುಡಿ, ಹುರಿದ ಕೊಬ್ಬರಿ ಅರೆದು ಹಾಕಿ, ಇಂಗು ಕರಿಬೇವಿನ ಒಗ್ಗರಣೆ ಕೊಟ್ಟಳು. ಘಮ ಬೀದಿಗೆ ಹೋಯಿತು.

ಊಟಕ್ಕೆ ಕೂತವರು ಎಲೆಯ ಚೆಂದಕ್ಕೇ ಭೇಷ್ ಅಂದರು. ಅವಳ ಅಣ್ಣ ಕೊನೆಯ ಎಲೆಯಲ್ಲಿ ಕೂತಿದ್ದ. ಸಣಕಲು ಆಳು, ಮಾತಿಗೊಮ್ಮೆ ಕೆಮ್ಮು. ಕಣ್ಣು ಮಾತ್ರ ಅಡಿಗೆಮನೆಯ ಬಾಗಿಲಲ್ಲೇ. ಸಾರು ಕಲಸಿ ಬಾಯಿಗಿಟ್ಟವನು ತುತ್ತು ನುಂಗಿ ಬೆರಳು ನೆಕ್ಕಿದ. "ನಮ್ಮವ್ವನ ಕೈಸಾರು ಇದ್ದಂಗೇ ಐತೆ," ಅಂದ. "ಯಾರು ಮಾಡಿದ್ದು ತಾಯಿ?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ, "ನಮ್ ಚಿಕ್ಕಸೊಸೆ ಕಣಪ್ಪ, ಎಲ್ಲಾ ಅವಳದೇ," ಅಂದರು. ಬಾಯಿ ತೆರೆಯುತ್ತಿದ್ದೆನೇ? ಸುಳ್ಳು ಯಾಕೆ ಹೇಳಲಿ. ಇನ್ನೊಂದು ಸೌಟು ಬಡಿಸಿದೆ.

"ನಿನ್ನೊಟ್ಟೆ ತಣ್ಣಗಿರ್ಲಿ," ಅಂದ ಅವನು.

ಪಾಳಿಗೆ ಹೋಗಬೇಕು ಅಂತ ಅವನು ಮಾರಿಕುಪ್ಪಂ ರೈಲಿಗೆ ಅವಸರದಿಂದ ಹೊರಟ. ಹಿತ್ತಿಲ ಬಾಗಿಲಲ್ಲಿ ಅಣ್ಣ ತಂಗಿ ಎರಡು ಮಾತಾಡಿದರು, ಅಷ್ಟೇ. ಕಡೆಯಲ್ಲಿ ಹೆಂಗಸರು ಉಣ್ಣಲು ಕೂತಾಗ ಒಬ್ಬಟ್ಟು ಕಡಿಮೆ ಬಿತ್ತು, ಹೂರಣ ಸಾರಿಗೆ ಹೋಗಿತ್ತಲ್ಲ. "ನಂಗೆ ಸೀ ಸೇರಾಕಿಲ್ಲ," ಅಂದಳು ಅಕ್ಕ. ನಾಚಿಕೆಗೆಟ್ಟವಳು ನಾನು, ನನ್ನ ಪಾಲಿನದನ್ನು ತುಪ್ಪ ಹಾಕಿಕೊಂಡು ತಿಂದೆ.

ಮುಂದಿನ ಯುಗಾದಿಗೆ ಅವಳ ಅಣ್ಣ ಇರಲಿಲ್ಲ. ಎದೆಗೆ ಗಣಿಯ ದೂಳು ತುಂಬಿ ಸಂಕ್ರಾಂತಿಗೆ ಮೊದಲೇ ತೀರಿಕೊಂಡಿದ್ದ.

ಆ ಬೆಳಿಗ್ಗೆ ನಾನು ಬೇಳೆ ಬಸಿಯಲು ಕೂತಾಗ ಅಕ್ಕ ಒಂದು ತಪ್ಪಲೆ ತಂದು ಕೆಳಗಿಟ್ಟಳು. "ಕಟ್ಟು ಇದ್ರಾಗೆ ಬಸಿ. ಕರೂನ ಆಚೆ ಕಟ್ಟಿ ಬಂದೀನಿ."

ನಾನು ಬೇಳೆಯ ಪಾತ್ರೆ ಕೆಳಗಿಟ್ಟೆ. "ಅಕ್ಕ, ಕರುವಿಗೆ ಸುರಿದದ್ದು ನಿಂಗೆ ಗೊತ್ತಿತ್ತಾ?"

"ಅದರ ಮೂತಿ ತುಂಬಾ ಬೇಳೆ ನೊರೆ ಇತ್ತಲ್ಲಮ್ಮ."

"ಮತ್ತೆ ಅತ್ತೆಗೆ ಯಾಕೆ ಹೇಳಲಿಲ್ಲ?"

ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ. "ನೀನೇ ಏಳ್ತೀಯ ಅಂತ ನೋಡ್ತಿದ್ದೆ," ಅಂದಳು. "ಅಣ್ಣ ಕೈ ತೊಳ್ಯೋಗಂಟ ನೋಡ್ದೆ."