ಎರಡು ವರಸೆಯ ಗೋಡೆ

ಅವಳ ಅಜ್ಜ ಗಾಜಿನ ನೆಗೆಟಿವ್ ಮೇಲೆ ಚೂಪು ಪೆನ್ಸಿಲ್ ಆಡಿಸಿ ಸಿಡುಬಿನ ಕಲೆ ಅಳಿಸುತ್ತಿದ್ದವರು. ಅವರ ಕೈ ದಾಟಿ ಬಂದ ಮುಖ ಕಂಡು ಕನ್ನಡಿಯೂ ನಾಚಬೇಕಿತ್ತು. ಅಪ್ಪ ಕಪ್ಪು-ಬಿಳುಪು ಚಿತ್ರಕ್ಕೆ ಹತ್ತಿ ಸುತ್ತಿದ ಕಡ್ಡಿಯಿಂದ ಬಣ್ಣ ಹಚ್ಚಿದವರು; ಒಬ್ಬ ಪೈಲ್ವಾನನ ತುಟಿಗೆ ಕೆಂಪು ಹೆಚ್ಚಾಗಿ, ಅವನ ಕೈಗೆ ಸಿಗದಂತೆ ಎರಡು ಬೀದಿ ಓಡಿದ್ದೂ ಉಂಟು. ಆ ಮನೆತನದ ಮಗಳು ಕಂಪ್ಯೂಟರ್ ಮುಂದೆ ಕೂತು ಹಳೆಯ ಫೋಟೋ ರಿಪೇರಿ ಮಾಡುತ್ತಾಳೆ. ಬೀದಿಗೆಲ್ಲ ಅವಳು ಫೋಟೋ ಅಕ್ಕ. ಅವಳ ಪಕ್ಕದ ಮಳಿಗೆಯಲ್ಲೇ ನಾನು ಚಿತ್ರಕ್ಕೆ ಚೌಕಟ್ಟು ಹಾಕುತ್ತೇನೆ. ಇದು ಕಣ್ಣಾರೆ ಕಂಡದ್ದು.

ಒಂದು ಸೋಮವಾರ ಮುದುಕ ಮೇಸ್ತ್ರಿಯೊಬ್ಬರು ಫೋಟೋ ತಂದರು. ಇಟ್ಟಿಗೆ ಗೋಡೆಯ ಮುಂದೆ ಅವರಪ್ಪ, ಕೈಯಲ್ಲಿ ಗಾರೆ ಬಳಿಯುವ ಕರಣೆ. ಗೋಡೆಯ ಬಲಗಡೆ ಅಂಗೈಯಗಲ ಜಾಗ ಗೆದ್ದಲಿನ ಪಾಲಾಗಿ ಫೋಟೋ ತೂತು ಬಿದ್ದಿತ್ತು.

"ಅಪ್ಪ ಕಟ್ಟಿದ ಮೊದಲ ಗೋಡೆಯಮ್ಮ. ಹೋದ ತಿಂಗಳು ಕೆಡವಿಬಿಟ್ರು. ಉಳಿದಿರೋದು ಇದೊಂದೇ."

ಬುಧವಾರ ಅವಳು ತೆರೆಯ ಮೇಲೆ ತೋರಿಸಿದಳು. ಪಕ್ಕದ ಇಟ್ಟಿಗೆಗಳನ್ನೇ ನಕಲೆತ್ತಿ ಮುಚ್ಚಿದ್ದಳು; ತೂತು ಮಾಯ! ಮೇಸ್ತ್ರಿ ಕನ್ನಡಕ ಏರಿಸಿ, ಬೆರಳಿಟ್ಟು ಎಣಿಸಿ, ಮುಖ ಸಿಂಡರಿಸಿದರು.

"ಏನಮ್ಮ, ನಮ್ಮಪ್ಪ ಕುಡಿದು ಕಟ್ಟಿದ್ರಾ? ಒಂದು ವರಸೆ ಇಟ್ಟಿಗೆ ಉದ್ದಕ್ಕೆ, ಅದರ ಮೇಲಿನ ವರಸೆ ತಲೆ ಮಾತ್ರ ಕಾಣೋ ಹಾಗೆ ಅಡ್ಡಕ್ಕೆ. ನೀನು ಮೂರು ವರಸೆ ಉದ್ದಕ್ಕೇ ಪೇರಿಸಿದ್ದೀಯ. ಸಂದಿನ ಮೇಲೆ ಸಂದು ಬಂದಿದೆ, ಈ ಗೋಡೆ ನಿಲ್ಲಲ್ಲ. ಮೂಲೆ ಮುರಿದ ಇಟ್ಟಿಗೆ ಒಂದೇ ಇತ್ತು, ಈಗ ಐದು ಮರಿ ಹಾಕಿದೆ!"

"ತಪ್ಪು ನಂದೇ ಯಜಮಾನ್ರೇ. ನಾಳೆ ಸಂಜೆ ಬನ್ನಿ."

"ಆಗದಿದ್ರೆ ಹಾಗೇ ಕೊಟ್ಟುಬಿಡು. ಸುಳ್ಳು ಗೋಡೆಗಿಂತ ತೂತೇ ವಾಸಿ."

ಆ ಮಾತು ಅವಳಿಗೆ ಮುಳ್ಳಿನಂತೆ ನಾಟಿತು. ಮಾಡಿದ್ದೆಲ್ಲ ಅಳಿಸಿ ಮತ್ತೆ ತೂತು ಮಾಡಿಕೊಂಡಳು. ಮೊದಲು ಚೆನ್ನಾಗಿರುವ ಗೋಡೆಯ ಸಂದುಗಳಿಂದ ತೂತಿನ ಮೇಲೆ ತೆಳು ಗೆರೆ ಎಳೆದಳು. ಗೋಡೆ ಬಲಕ್ಕೆ ದೂರ ಸರಿದಂತೆ ಗೆರೆಗಳು ಒಂದಕ್ಕೊಂದು ಹತ್ತಿರವಾದವು. ಆಮೇಲೆ ಉದ್ದದ್ದೊಂದು, ಅಡ್ಡದ್ದೊಂದು ಎಂದು ಎರಡೆರಡು ವರಸೆ ಜೋಡಿಯಾಗಿ ನಕಲೆತ್ತಿ, ಗೆರೆಯ ಓರೆಗೆ ತಕ್ಕಂತೆ ಕುಗ್ಗಿಸಿ, ಸಂದಿಗೆ ಸಂದು ಕೂರಿಸಿದಳು. ಒಂದೇ ಕಡೆಯಿಂದ ಎತ್ತಲಿಲ್ಲ; ಬಿಸಿಲು ಬಿದ್ದ ಕಡೆಗೆ ಬಿಸಿಲಿನ ಇಟ್ಟಿಗೆ, ನೆರಳಿಗೆ ನೆರಳಿನದು. ಮರುಕಳಿಸಿದ ಕಲೆ, ಮುಕ್ಕುಗಳನ್ನು ಒಂದೊಂದಾಗಿ ಒರೆಸಿದಳು. ಹೊಸ ತೇಪೆ ನುಣ್ಣಗೆ ಎದ್ದು ಕಾಣದಂತೆ ಹಳೆ ಫೋಟೋದ ಮರಳಿನಂಥ ತರಿಯನ್ನೂ ಅದಕ್ಕೆ ಉದುರಿಸಿದಳು.

ಗುರುವಾರ ಮೇಸ್ತ್ರಿ ಮಧ್ಯಾಹ್ನಕ್ಕೇ ಬಂದರು. ಕೆಳಗಿನಿಂದ ಎಣಿಸುತ್ತ ಹೋದ ಬೆರಳು ಎಲ್ಲೂ ತಡೆಯಲಿಲ್ಲ. ತೂತು ಎಲ್ಲಿ ಶುರುವಾಗಿತ್ತೆಂದು ಅವರೇ ಹುಡುಕಬೇಕಾಯಿತು. ಮೇಲ್ತುದಿಯಲ್ಲಿ ಇನ್ನೂ ನಾಲ್ಕು ವರಸೆ ಬಾಕಿ ಇತ್ತು. ಕುರ್ಚಿ ಎಳೆದುಕೊಂಡು, "ಕೂತ್ಕೋತೀನಮ್ಮ, ಯಾವುದು ಎಲ್ಲಿಗೆ ಅಂತ ಹೇಳಿಕೊಡ್ತೀನಿ" ಎಂದರು.

ಅವಳು ತೆರೆಯಿಂದ ಕಣ್ಣು ಕೀಳಲಿಲ್ಲ.

"ಬೇಡ ಯಜಮಾನ್ರೇ. ನಿಮ್ಮಪ್ಪನೋರ ವರಸೆ ಈಗ ನನ್ನ ಕೈಗೆ ಹತ್ತಿದೆ. ಹೊರಗೆ ಬೆಂಚಿನ ಮೇಲೆ ಕೂತಿರಿ, ಮುಗಿಸಿ ನಾನೇ ಕರೀತೀನಿ."